ಮೂರನೇ ಮಂಚ ತರುವ ಮುಂಚೆ ಒಂದು ಲೆಕ್ಕ

ಪ್ರಶ್ನೆ: ಮೇಡಂ, ಬೆಂಗಳೂರಿನ ಮಾರತಹಳ್ಳಿ ಕಡೆ ಒಂದು 3 ಬಿಎಚ್‌ಕೆ ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದೇನೆ. ಬಾಡಿಗೆ 38,000, ಮೇಂಟೆನೆನ್ಸ್ 3,500. ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಬೆಡ್ ಲೆಕ್ಕದಲ್ಲಿ ಕೊಡಬೇಕು ಅಂತಿದ್ದೇನೆ. ಊಟ ಇಲ್ಲ, ಅಡುಗೆಮನೆ ಅವರೇ ಬಳಸಿಕೊಳ್ಳಬಹುದು. 14 ಅಡಿ 13 ಅಡಿಯ ದೊಡ್ಡ ರೂಮಿಗೆ ಅಟ್ಯಾಚ್ಡ್ ಬಾತ್‌ರೂಮ್ ಇದೆ, ಅಲ್ಲಿ ಮೂವರು. 12ಕ್ಕೆ 11ರ ನಡುವಿನ ರೂಮಲ್ಲಿ ಇಬ್ಬರು. 11ಕ್ಕೆ 10ರ ಚಿಕ್ಕ ರೂಮಲ್ಲಿ ಒಬ್ಬರು. ಈ ಎರಡಕ್ಕೂ ಸೇರಿ ಒಂದೇ ಕಾಮನ್ ಬಾತ್‌ರೂಮ್. ಎಲ್ಲ ಖರ್ಚು ಸೇರಿಸಿ ಆರರಿಂದ ಭಾಗಿಸಿದರೆ ತಲೆಗೆ 9,900 ಬರುತ್ತದೆ. ಹಾಗಾಗಿ ಸಿಂಗಲ್‌ಗೆ 12,000, ಡಬಲ್‌ಗೆ 10,500, ಟ್ರಿಪಲ್‌ಗೆ 9,500 ಇಟ್ಟರೆ ಸರಿಹೋಗುತ್ತಾ?

ಉತ್ತರ: ಇಲ್ಲ. ಆರು ಬೆಡ್ಡೂ ತುಂಬಿರುವ ತಿಂಗಳಲ್ಲಿ ನಿಮ್ಮ ಕೈಗೆ ಎರಡು ಸಾವಿರ ಚಿಲ್ಲರೆ ಉಳಿದ ಹಾಗೆ ಕಾಣುತ್ತದೆ. ವರ್ಷದ ಕೊನೆಗೆ ನೋಡಿದರೆ ತಿಂಗಳಿಗೆ ಸುಮಾರು 2,800 ನಿಮ್ಮ ಜೇಬಿನಿಂದಲೇ ಹೋಗಿರುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹನ್ನೆರಡು ವರ್ಷದ ಹಿಂದೆ ಬಿಟಿಎಂ ಲೇಔಟ್‌ನಲ್ಲಿ ನನ್ನ ಮೊದಲ ಫ್ಲ್ಯಾಟಿಗೆ ನಾನೂ ಹೀಗೇ ತಲೆಯಿಂದ ಭಾಗಿಸಿ ದರ ಇಟ್ಟಿದ್ದೆ. ಸಿಂಗಲ್ ರೂಮ್ ಅದೇ ದಿನ ಸಂಜೆ ಹೋಯಿತು. ನನಗೆ ಭಾರೀ ಖುಷಿ. ಡಬಲ್ ಮಾತ್ರ ಎರಡು ತಿಂಗಳು ಖಾಲಿ ಬಿತ್ತು. ನೋಡಲು ಬಂದ ಒಬ್ಬ ಹುಡುಗಿ ಮುಖಕ್ಕೆ ಹೇಳಿಬಿಟ್ಟಳು: "ಆಂಟಿ, ಇನ್ನೊಂದು ಸಾವಿರ ಹಾಕಿದರೆ ಸಿಂಗಲ್ಲೇ ಸಿಗುತ್ತಲ್ಲಾ, ಇನ್ನೊಬ್ಬರ ಜೊತೆ ನಾನ್ಯಾಕೆ ಇರಲಿ?" ಸಿಂಗಲ್ ಖಾಲಿಯಾಗುವವರೆಗೆ ಕಾಯುತ್ತೇನೆ ಅಂತ ಹೇಳಿ ಹೋದಳು. ನಿಮ್ಮ ಪಟ್ಟಿಯಲ್ಲಿ ಡಬಲ್‌ಗೂ ಸಿಂಗಲ್‌ಗೂ ಬರೀ 1,500 ವ್ಯತ್ಯಾಸ. ಅದೇ ತಪ್ಪು.

ಬೆಡ್‌ಗೆ ದರ ಕಟ್ಟಬೇಡಿ, ರೂಮಿಗೆ ಕಟ್ಟಿ. ನೀವು ಮಾಲೀಕರಿಗೆ ಕೊಡುತ್ತಿರುವುದು ಮಂಚದ ಬಾಡಿಗೆ ಅಲ್ಲವಲ್ಲ. ಪ್ರತಿ ರೂಮ್ ತಿಂಗಳಿಗೆ ಎಷ್ಟು ದುಡಿಯಬೇಕು ಅನ್ನುವುದು ಮೊದಲು ಗೊತ್ತಾಗಲಿ. ಅದನ್ನು ಒಬ್ಬರಿಂದ ತೆಗೆಯಬೇಕಾ, ಮೂವರಿಂದಾ ಅನ್ನುವುದು ಆಮೇಲಿನ ಮಾತು.

ಇದಕ್ಕೆ ಖರ್ಚನ್ನು ಎರಡು ರಾಶಿ ಮಾಡಿಕೊಳ್ಳಿ. ಒಂದು, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಹೋಗುವ ದುಡ್ಡು. ಬಾಡಿಗೆ, ಮೇಂಟೆನೆನ್ಸ್ ಸೇರಿ 41,500. ಮಂಚ, ಹಾಸಿಗೆ, ಬೀರು, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲಕ್ಕೂ ಒಂದೂವರೆ ಲಕ್ಷ ಹಾಕುತ್ತೀರಿ ಅಂತಿಟ್ಟುಕೊಳ್ಳೋಣ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 4,200. ವೈಫೈ 1,200. ಕೆಲಸದವರು ಕಸ ಗುಡಿಸಿ ನೆಲ ಒರೆಸಲು 2,400. ಇನ್ನೊಂದನ್ನು ಹೊಸಬರು ಮರೆತೇ ಬಿಡುತ್ತಾರೆ, ಪೇಂಟಿಂಗ್. ಬೆಂಗಳೂರಲ್ಲಿ ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ರೂಢಿ. ಮೂರು ವರ್ಷ ಇರುತ್ತೀರಿ ಅಂದರೂ ಅದು ತಿಂಗಳಿಗೆ 1,050. ಎಲ್ಲ ಸೇರಿ 50,350.

ಎರಡನೇ ರಾಶಿ, ಒಬ್ಬರು ಬಂದರೆ ಹೆಚ್ಚುವ, ಹೋದರೆ ಇಳಿಯುವ ಖರ್ಚು. ಕರೆಂಟ್ 550, ಗ್ಯಾಸ್ 200, ಕುಡಿಯುವ ನೀರಿನ ಕ್ಯಾನ್ 200, ಪಾತ್ರೆಗೂ ಬಾತ್‌ರೂಮಿಗೂ ಕೆಲಸದವರು ಜಾಸ್ತಿ ಕೇಳುವ 350, ಬಲ್ಬು, ನಲ್ಲಿ, ಫಿನಾಯಿಲ್ ಅಂತ ಒಂದು 200. ತಲೆಗೆ 1,500 ಹಿಡಿಯಿರಿ. ಕರೆಂಟಿಗೆ ಗೃಹಜ್ಯೋತಿ ಇದೆಯಲ್ಲಾ ಅಂತ ಸೊನ್ನೆ ಬರೆಯಬೇಡಿ. ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆರು ಜನ, ಎರಡು ಗೀಸರ್, ಒಬ್ಬಿಬ್ಬರು ಮನೆಯಿಂದಲೇ ಕೆಲಸ ಮಾಡುವವರು ಅಂದಮೇಲೆ ದಾಟದೇ ಇರುವುದಿಲ್ಲ.

ಈಗ ಮೂರನೆಯ ಖರ್ಚು, ಖಾಲಿ ದಿನಗಳು. ನಿಮ್ಮ ಭಾಗಾಕಾರದಲ್ಲಿ ಇದು ಇಲ್ಲವೇ ಇಲ್ಲ. ಸಿಂಗಲ್‌ನಲ್ಲಿರುವವರು ಸಾಮಾನ್ಯವಾಗಿ ಬೇಗ ಬಿಡುವುದಿಲ್ಲ. ಪರದೆ ಹಾಕಿಕೊಳ್ಳುತ್ತಾರೆ, ಕಿಟಕಿಯಲ್ಲಿ ಗಿಡ ಇಡುತ್ತಾರೆ. ಟ್ರಿಪಲ್‌ಗೆ ಬರುವವರು ಊರಿಗೆ ಹೊಸಬರು. ಮೊದಲ ಸಂಬಳ ಬಂದು, ಆಫೀಸಲ್ಲಿ ಗೆಳತಿಯರು ಸಿಕ್ಕ ತಕ್ಷಣ ಬೇರೆ ಮನೆ ನೋಡುತ್ತಾರೆ. ತಪ್ಪೇನಿಲ್ಲ, ನಾನೂ ಆ ವಯಸ್ಸಲ್ಲಿ ಅದನ್ನೇ ಮಾಡಿದ್ದೆ. ನಾನು ಲೆಕ್ಕಕ್ಕೆ ಹಿಡಿಯುವುದು ಹೀಗೆ: ಸಿಂಗಲ್ ವರ್ಷಕ್ಕೆ ಅರ್ಧ ತಿಂಗಳು ಖಾಲಿ, ಡಬಲ್‌ನ ಪ್ರತಿ ಬೆಡ್ ಒಂದು ತಿಂಗಳು, ಟ್ರಿಪಲ್‌ನ ಪ್ರತಿ ಬೆಡ್ ಒಂದೂವರೆ ತಿಂಗಳು. ನಿಮ್ಮ ಮನೆಯಲ್ಲಿ ಬೇರೆ ಆಗಬಹುದು. ಒಂದು ವರ್ಷ ಬರೆದಿಟ್ಟುಕೊಂಡರೆ ನಿಮ್ಮದೇ ಅಂಕಿ ಸಿಗುತ್ತದೆ. ಅಲ್ಲಿಯವರೆಗೆ ಇದನ್ನು ಇಟ್ಟುಕೊಳ್ಳಿ.

ನಿಮ್ಮ ದರಗಳನ್ನು ಇದರಲ್ಲಿ ಹಾಕಿ ನೋಡೋಣ. ತಲೆಯ 1,500 ಮೊದಲೇ ಕಳೆದು, ಖಾಲಿ ದಿನಗಳನ್ನೂ ಕಳೆದರೆ, ಸಿಂಗಲ್ ರೂಮ್ ತಿಂಗಳಿಗೆ ಸರಾಸರಿ 10,060 ತರುತ್ತದೆ. ಡಬಲ್ 16,500, ಟ್ರಿಪಲ್ 21,000. ಒಟ್ಟು 47,560. ನಿಮಗೆ ಬೇಕಾಗಿದ್ದು 50,350. ನಾನು ಮೊದಲು ಹೇಳಿದ ಆ 2,800 ಎಂದರೆ ಇದೇ.

ಹಾಗಾದರೆ ಎಷ್ಟಿಡಬೇಕು? ದೊಡ್ಡ ರೂಮನ್ನೇ ತೆಗೆದುಕೊಳ್ಳಿ. ಅದನ್ನು ಮೂರು ರೀತಿಯಲ್ಲೂ ಕೊಡಬಹುದು. ಅಟ್ಯಾಚ್ಡ್ ಬಾತ್‌ರೂಮ್ ಇರುವುದರಿಂದ ಸಿಂಗಲ್‌ಗೆ 20,000, ಡಬಲ್‌ಗೆ ತಲೆಗೆ 13,000, ಟ್ರಿಪಲ್‌ಗೆ ತಲೆಗೆ 10,000 ಅಂತಿಟ್ಟುಕೊಳ್ಳಿ. ಮೇಲ್ನೋಟಕ್ಕೆ ಉತ್ತರ ಸುಲಭ. ಇಬ್ಬರಿದ್ದರೆ 26,000, ಮೂವರಿದ್ದರೆ 30,000. ಒಂದು ಮಂಚ ಹೆಚ್ಚು ಹಾಕಿದರೆ 4,000 ಲಾಭ, ಅಲ್ವಾ?

ಒಂದೊಂದಾಗಿ ಕಳೆಯುತ್ತಾ ಬನ್ನಿ. ತಲೆಯ ಖರ್ಚು ತೆಗೆದರೆ ಡಬಲ್‌ನಲ್ಲಿ 23,000 ಉಳಿಯಿತು, ಟ್ರಿಪಲ್‌ನಲ್ಲಿ 25,500. ವ್ಯತ್ಯಾಸ ಆಗಲೇ 2,500ಕ್ಕೆ ಇಳಿಯಿತು. ಖಾಲಿ ತಿಂಗಳುಗಳನ್ನು ತೆಗೆದರೆ ಡಬಲ್ 21,080, ಟ್ರಿಪಲ್ 22,310. ಈಗ ಉಳಿದದ್ದು 1,230. ಮೂರನೇ ಮಂಚ, ಹಾಸಿಗೆ, ಬೀರುವಿಗೆ 15,000 ಹಾಕಿದ್ದೀರಿ, ತಿಂಗಳಿಗೆ 420 ಅದಕ್ಕೆ ಹೋಯಿತು. ಇನ್ನು ಜನ ಬದಲಾಗುವ ಖರ್ಚು. ಪ್ರತಿ ಸಲ ಒಬ್ಬರು ಹೋಗಿ ಇನ್ನೊಬ್ಬರು ಬರುವಾಗ ಡೀಪ್ ಕ್ಲೀನಿಂಗ್, ಹಾಸಿಗೆ ಕವರ್, ಜಾಹೀರಾತು, ಮುರಿದ ಬೀಗ ಅಂತ 1,500 ಆಗುತ್ತದೆ. ಡಬಲ್‌ನಲ್ಲಿ ವರ್ಷಕ್ಕೆ ಎರಡು ಸಲ, ಟ್ರಿಪಲ್‌ನಲ್ಲಿ ಐದು ಸಲ ಅಂದರೆ ತಿಂಗಳಿಗೆ ಇನ್ನೊಂದು 375 ಹೋಯಿತು. ಕೊನೆಗೆ ಕೈಯಲ್ಲಿ ಉಳಿಯುವುದು ಸುಮಾರು 430 ರೂಪಾಯಿ.

4,000 ಅಂತ ಕಂಡದ್ದು 430! ಈ 430ಕ್ಕೆ ನೀವು ಮೂರನೆಯವರ ಜಗಳ ಬಿಡಿಸಬೇಕು, ಮೂರನೆಯವರ ಚಪ್ಪಲಿ ಎಲ್ಲಿಡಬೇಕು ಅಂತ ಯೋಚಿಸಬೇಕು, ರಾತ್ರಿ ಶಿಫ್ಟಿನವರು ಮಲಗಿದ್ದಾಗ ಲೈಟ್ ಹಾಕಿದ ದೂರು ಕೇಳಬೇಕು. ಟ್ರಿಪಲ್ ಇರುವ ಮನೆ ಅನ್ನುವ ಕಾರಣಕ್ಕೆ ಚಿಕ್ಕ ರೂಮಿನ ಸಿಂಗಲ್‌ಗೆ ಬಂದವರು 500 ಕಡಿಮೆ ಮಾಡಿ ಅಂದರೆ ಅದೂ ಹೋಯಿತು. ಹಾಲ್‌ನಲ್ಲಿ ಐದು ಜನ ಓಡಾಡುವುದಕ್ಕೂ ಆರು ಜನ ಓಡಾಡುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ಇದರಿಂದ ನನಗೆ ಒಂದು ಅಡ್ಡಗೆರೆ ಸಿಕ್ಕಿದೆ. ಬರೀ ಬಾಡಿಗೆ ದುಡ್ಡನ್ನು ನೋಡಿದರೆ ಟ್ರಿಪಲ್ ದರ ಡಬಲ್‌ನ ಮೂರನೇ ಎರಡು ಭಾಗ ಇದ್ದರೆ ಎರಡೂ ಸಮ. ಹೊಸಬರು ಈ ಲೆಕ್ಕ ಇಟ್ಟುಕೊಂಡೇ ದರ ಇಳಿಸುತ್ತಾರೆ. ಎಲ್ಲ ಖರ್ಚು ಕಳೆದ ಮೇಲೆ ಸಮ ಆಗುವುದು ಮುಕ್ಕಾಲು ಭಾಗಕ್ಕೆ. ಡಬಲ್ 13,000 ಇದ್ದರೆ ಟ್ರಿಪಲ್ 9,800ರ ಹತ್ತಿರ. ಅದಕ್ಕಿಂತ ಕೆಳಗೆ ಇಳಿದರೆ ಮೂರನೇ ಮಂಚ ದುಡಿಯುವುದಿಲ್ಲ, ತಿನ್ನುತ್ತದೆ. 9,500ಕ್ಕೆ ಕೊಟ್ಟರೆ ಇಬ್ಬರಿದ್ದಾಗಿನದಕ್ಕಿಂತ ತಿಂಗಳಿಗೆ 900ರಷ್ಟು ಕಡಿಮೆ. 10,500ಕ್ಕೆ ಹೋದರೆ 1,700ರಷ್ಟು ಜಾಸ್ತಿ, ಆಗ ಮೂವರನ್ನು ಇಡುವುದಕ್ಕೆ ಅರ್ಥ ಇದೆ.

ಸಿಂಗಲ್‌ಗೂ ಡಬಲ್‌ಗೂ ನಡುವೆ ಇದೇ ಲೆಕ್ಕ ಮಾಡಿದರೆ, ಅದೇ ರೂಮಿನ ಸಿಂಗಲ್ 20,000 ಇರುವಾಗ ಡಬಲ್ 11,500ಕ್ಕಿಂತ ಕೆಳಗೆ ಹೋಗಬಾರದು. ಮೇಲಿನ ಮಿತಿ ಬೇರೆ ಕಾರಣಕ್ಕೆ ಬರುತ್ತದೆ. ಒಂದೇ ತರಹದ ಬಾತ್‌ರೂಮ್ ಇರುವ ರೂಮುಗಳಲ್ಲಿ ಡಬಲ್ ದರ ಸಿಂಗಲ್‌ನ ಶೇಕಡಾ 75 ದಾಟಿದರೆ ಜನ ಡಬಲ್ ನೋಡಿ ಸಿಂಗಲ್ ಕೇಳುತ್ತಾರೆ. ನಿಮ್ಮದು ಶೇಕಡಾ 87 ಆಗಿತ್ತು.

ಇಷ್ಟೆಲ್ಲ ಸರಿ, ಆ ದರ ಕೊಟ್ಟು ಜನ ಬರುತ್ತಾರಾ? ಅದನ್ನು ನಿಮ್ಮ ಬೀದಿ ಹೇಳುತ್ತದೆ. ನಾನಾದರೆ ಎರಡು ಕಡೆ ಹೋಗಿ ವಿಚಾರಿಸುತ್ತೇನೆ. ಸಿಂಗಲ್‌ಗೆ ಪೈಪೋಟಿ ಪಿಜಿ ಅಲ್ಲ, ಅಕ್ಕಪಕ್ಕದ 1 ಆರ್‌ಕೆ ಮನೆ. ಅದರ ಬಾಡಿಗೆಗೆ ಕರೆಂಟ್, ವೈಫೈ, ಕೆಲಸದವರ ಸಂಬಳ, ಮಂಚ ಫ್ರಿಜ್ಜಿನ ತಿಂಗಳ ಕಂತು ಸೇರಿಸಿ. ಬಂದ ಮೊತ್ತಕ್ಕಿಂತ ನಿಮ್ಮ ಸಿಂಗಲ್ ಸ್ವಲ್ಪ ಕಡಿಮೆ ಇರಬೇಕು. ಟ್ರಿಪಲ್‌ಗೆ ಪೈಪೋಟಿ ಊಟ ಕೊಡುವ ಪಿಜಿ. ಪಕ್ಕದ ಪಿಜಿಯಲ್ಲಿ ಮೂರು ಹೊತ್ತಿನ ಊಟ ಸೇರಿ ಟ್ರಿಪಲ್ 9,000ಕ್ಕೆ ಸಿಗುತ್ತಿದ್ದರೆ, ಊಟ ಇಲ್ಲದ ನಿಮ್ಮ ಬೆಡ್‌ಗೆ 10,500 ಕೇಳಿದರೆ ಬಾಗಿಲಲ್ಲೇ ವಾಪಸ್ ಹೋಗುತ್ತಾರೆ. ಆಗ ನೀವು 9,000ಕ್ಕೆ ಇಳಿಯುತ್ತೀರಿ, ಅಂದರೆ ಅಡ್ಡಗೆರೆ ದಾಟಿ ಕೆಳಗೆ. ಪಿಜಿಯವರಿಗೆ ಅದು ಗಿಟ್ಟುವುದು ಐವತ್ತು ಅರವತ್ತು ಬೆಡ್ಡಿಗೆ ಒಂದೇ ಅಡುಗೆ, ಒಬ್ಬರೇ ಅಡುಗೆಯವರು ಇರುವುದರಿಂದ. ಆರು ಬೆಡ್ಡಿನ ಫ್ಲ್ಯಾಟ್ ಆ ಆಟ ಆಡಲು ಹೋಗಬಾರದು.

ಜಾಗದ ಮಾತೂ ಇದೆ. ನಿಮ್ಮ ದೊಡ್ಡ ರೂಮ್ 182 ಚದರಡಿ. ಮೂವರಿಗೆ ಹಂಚಿದರೆ ತಲೆಗೆ 60. 2024ರ ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಾಗ ಒಬ್ಬರಿಗೆ ಕನಿಷ್ಠ 70 ಚದರಡಿ ವಾಸದ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕು ಅಂದಿತು. ನಿಮ್ಮದನ್ನು ಪಿಜಿ ಅಂತ ಪರಿಗಣಿಸಿದರೆ ಟ್ರೇಡ್ ಲೈಸೆನ್ಸ್ ಮಾಡಿಸಬೇಕಾಗುತ್ತದೆ. ಅದನ್ನು ಮೊದಲೇ ವಿಚಾರಿಸಿ. ಅದು ಏನೇ ಇರಲಿ, 70 ಅನ್ನುವುದು ಒಳ್ಳೆ ಅಳತೆ. ಎರಡು ಮಂಚದ ನಡುವೆ ಬೀರು ಬಾಗಿಲು ಪೂರ್ತಿ ತೆರೆಯಲು ಜಾಗ ಬೇಕಲ್ಲಾ. ಬರೀ ಮಂಚ ಹಿಡಿಸಿದರೆ ಸಾಲದು.

ಮೂವರನ್ನು ಇಟ್ಟೇ ಇಡುತ್ತೀನಿ ಅಂದರೆ ನೀವು ಆರಿಸಿದ ರೂಮ್ ಸರಿಯಾಗಿದೆ. ಅಟ್ಯಾಚ್ಡ್ ಬಾತ್‌ರೂಮ್ ಮೂವರಿಗೆ, ಕಾಮನ್ ಬಾತ್‌ರೂಮ್ ಉಳಿದ ಮೂವರಿಗೆ. ಬೆಳಗ್ಗೆ ಏಳೂವರೆಯಿಂದ ಎಂಟೂವರೆ ಒಳಗೆ ತಲಾ ಇಪ್ಪತ್ತು ನಿಮಿಷದಲ್ಲಿ ಮೂವರು ಹೇಗೋ ಮುಗಿಸುತ್ತಾರೆ. ಕೆಲವರು ನಡುವಿನ ರೂಮಿಗೆ ಮೂವರನ್ನು ತುಂಬಿ ಅಟ್ಯಾಚ್ಡ್ ರೂಮನ್ನು ಸಿಂಗಲ್‌ಗೆ ದುಬಾರಿ ದರಕ್ಕೆ ಕೊಡುತ್ತಾರೆ. ಆಗ ಕಾಮನ್ ಬಾತ್‌ರೂಮಿಗೆ ನಾಲ್ವರು. ಕ್ಯಾಬ್ ಬರುವ ಹೊತ್ತಿಗೆ ನಾಲ್ಕನೆಯವರು ಬಾಗಿಲು ಬಡಿಯುತ್ತಿರುತ್ತಾರೆ. ಮೊದಲು ಮನೆ ಬಿಡುವವರು ಅವರೇ.

ಟ್ರಿಪಲ್‌ನಲ್ಲಿ ಮೂರು ಬೆಡ್‌ಗೂ ಒಂದೇ ದರ ಇಡಬೇಡಿ. ಕಿಟಕಿ ಪಕ್ಕದ್ದು 11,000, ಗೋಡೆ ಪಕ್ಕದ್ದು 10,500, ಬಾತ್‌ರೂಮ್ ಬಾಗಿಲ ಪಕ್ಕದ್ದು 10,000. ಮೂರಕ್ಕೂ 10,500 ಇಟ್ಟರೆ ಬರುವ ಒಟ್ಟು ಮೊತ್ತವೂ ಅಷ್ಟೇ. ಒಂದೇ ದರ ಇದ್ದರೆ ಮೊದಲು ಬಂದವರು ಕಿಟಕಿ ಹಿಡಿಯುತ್ತಾರೆ, ಬಾಗಿಲ ಪಕ್ಕದ ಬೆಡ್ ತಿಂಗಳುಗಟ್ಟಲೆ ಖಾಲಿ ಇರುತ್ತದೆ. 500 ಕಡಿಮೆ ಅಂದರೆ ಅದಕ್ಕೂ ಒಬ್ಬರು ಬರುತ್ತಾರೆ. ಕಿಟಕಿ ಬೆಡ್ ಖಾಲಿಯಾದಾಗ ಒಳಗಿನವರೇ ದುಡ್ಡು ಜಾಸ್ತಿ ಕೊಟ್ಟು ಅಲ್ಲಿಗೆ ಹೋಗುತ್ತಾರೆ, ಮನೆ ಬಿಡುವುದಿಲ್ಲ.

ನಿಮ್ಮ ಮನೆಗೆ ನಾನು ಇಡುವ ದರ ಹೇಳುತ್ತೇನೆ. ಚಿಕ್ಕ ರೂಮ್ ಸಿಂಗಲ್ 16,000. ನಡುವಿನ ರೂಮ್ ಡಬಲ್ ತಲೆಗೆ 12,000. ದೊಡ್ಡ ರೂಮನ್ನು ಮೊದಲು ಡಬಲ್ ಮಾಡಿ, ತಲೆಗೆ 13,000. ಐದೇ ಮಂಚ ತನ್ನಿ. ಖಾಲಿ ದಿನ, ಜನ ಬದಲಾಗುವ ಖರ್ಚು ಎಲ್ಲ ಕಳೆದು ತಿಂಗಳಿಗೆ ಸುಮಾರು 3,700 ಉಳಿಯುತ್ತದೆ. ಟ್ರಿಪಲ್ ಮಾಡಿ 10,000ಕ್ಕೆ ಕೊಟ್ಟರೆ 4,100. ಎರಡೂ ದೊಡ್ಡ ಮೊತ್ತವಲ್ಲ, ನಿಜ. ಬಾಡಿಗೆಗೆ ಹಿಡಿದ ಮನೆಯನ್ನು ಮತ್ತೆ ಬೆಡ್ ಲೆಕ್ಕದಲ್ಲಿ ಕೊಡುವುದರಲ್ಲಿ ಉಳಿಯುವುದೇ ಇಷ್ಟು. ಅಗ್ರಿಮೆಂಟ್‌ನಲ್ಲಿ ವರ್ಷಕ್ಕೆ ಶೇಕಡಾ 5 ಏರಿಕೆ ಅಂತ ಬರೆದಿದ್ದರೆ ಮುಂದಿನ ವರ್ಷ 1,900 ಹೆಚ್ಚುತ್ತದೆ, ಅರ್ಧ ಲಾಭ ಅಲ್ಲಿಗೇ ಹೋಯಿತು. ಹಾಗಾಗಿ ಹೊಸದಾಗಿ ಬರುವವರಿಗೆ ಪ್ರತಿ ಸಲ ಮುನ್ನೂರು ನಾನೂರು ಏರಿಸುತ್ತಾ ಹೋಗಿ. ಮಾಲೀಕರ ಒಪ್ಪಿಗೆ ಬಾಯಿಮಾತಲ್ಲಿ ಬೇಡ, ಬೆಡ್ ಲೆಕ್ಕದಲ್ಲಿ ಕೊಡಬಹುದು ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ.

ಯಾರಾದರೂ ದೊಡ್ಡ ರೂಮ್ ಪೂರ್ತಿ ನನಗೊಬ್ಬಳಿಗೇ ಬೇಕು ಅಂತ ಬರುತ್ತಾರೆ. 20,000 ಅಂತ ಹೇಳಿಬಿಡಬೇಡಿ. ಆ ದರ ನಾನು ಮೇಲೆ ಹೋಲಿಕೆಗೆ ಇಟ್ಟದ್ದು, ಅದರಲ್ಲಿ ರೂಮ್ ನಿಮಗೆ 17,700 ಮಾತ್ರ ತರುತ್ತದೆ. ಇಬ್ಬರಿಂದ ಬರುತ್ತಿದ್ದ 21,080ಕ್ಕೆ ಸರಿದೂಗಬೇಕಾದರೆ 23,500ರ ಸುತ್ತ ಕೇಳಬೇಕು. 26,000 ಕೇಳುವುದೂ ಜಾಸ್ತಿಯೇ. ಒಬ್ಬರ ಖರ್ಚು ಉಳಿಯುತ್ತದೆ, ಖಾಲಿ ದಿನಗಳೂ ಕಡಿಮೆ. ಆದರೆ ಒಂದು ಗಮನಿಸಿ. 2024ರ ಜುಲೈ 15ರಿಂದ ಹಾಸ್ಟೆಲ್, ಪಿಜಿ ತರಹದ ವಸತಿಗೆ ಜಿಎಸ್‌ಟಿ ವಿನಾಯಿತಿ ಇರುವುದು ಒಬ್ಬರಿಗೆ ತಿಂಗಳಿಗೆ 20,000 ಒಳಗಿದ್ದು, ಸತತ 90 ದಿನವಾದರೂ ಇದ್ದರೆ. ನಿಮ್ಮ ವರ್ಷದ ವಹಿವಾಟು ಎಂಟು ಲಕ್ಷದ ಆಸುಪಾಸು, ನೋಂದಣಿಯ 20 ಲಕ್ಷದ ಮಿತಿ ದೂರ ಇದೆ. ಮೂರನೇ ಫ್ಲ್ಯಾಟ್ ಹಿಡಿಯುವ ದಿನ ಆಡಿಟರ್ ಹತ್ತಿರ ಹೋಗಿ.

ದರ ಇಟ್ಟ ಮೇಲೆ ಎಷ್ಟು ದಿನಕ್ಕೆ ತುಂಬಿತು ಅಂತ ನೋಡಿ. ಎರಡೇ ದಿನಕ್ಕೆ ಹೋದರೆ ಅಗ್ಗಕ್ಕೆ ಕೊಟ್ಟಿದ್ದೀರಿ, ಮುಂದಿನವರಿಗೆ 500 ಏರಿಸಿ. ಮೂರು ವಾರ ಕಳೆದೂ ಎಂಟು ಹತ್ತು ಜನ ನೋಡಿ ಹೋಗಿದ್ದರೆ ದರ ಜಾಸ್ತಿ ಆಗಿದೆ. ಯಾರೂ ನೋಡಲೇ ಬರಲಿಲ್ಲ ಅಂದರೆ ಮೊದಲು ಫೋಟೋ ಬದಲಿಸಿ. 13,000ದ ಬೆಡ್ ಒಂದು ದಿನ ಖಾಲಿ ಇದ್ದರೆ 430 ಹೋಗುತ್ತದೆ, ಹಾಗಾಗಿ ಹಟ ಹಿಡಿದು ಕೂರಬೇಡಿ. ಆದರೆ ತಿಂಗಳ ದರ ಇಳಿಸುವ ಬದಲು ಮೊದಲ ತಿಂಗಳಲ್ಲಿ 3,000 ಬಿಟ್ಟುಕೊಡಿ. ತಿಂಗಳಿಗೆ 500 ಇಳಿಸಿದರೆ ವರ್ಷಕ್ಕೆ 6,000, ಜೊತೆಗೆ ಪಕ್ಕದ ಬೆಡ್‌ನವರು "ಅವಳಿಗೆ ಮಾತ್ರ ಯಾಕೆ ಕಡಿಮೆ?" ಅಂತ ಅದೇ ವಾರ ಕೇಳುತ್ತಾರೆ. ಆರನೇ ಮಂಚದ ಮಾತು ಆರು ತಿಂಗಳು ಬಿಟ್ಟು ತೆಗೆಯೋಣ. ಅಷ್ಟರಲ್ಲಿ ದೊಡ್ಡ ರೂಮಿನ ಬೆಡ್‌ಗಳು ಎಷ್ಟು ದಿನ ಖಾಲಿ ಇದ್ದವು ಅಂತ ನಿಮ್ಮ ಹತ್ತಿರ ಬರೆದದ್ದು ಇರಲಿ.